ಕುಂಭ ಲಗ್ನಕ್ಕೆ ಎರಡು ಆರೂಢ ಬರುತ್ತಿದೆ: ವೃಷಭವೋ, ತುಲೆಯೋ?

ಹಾಸನದ_ಹುಡುಗ

ಎಲ್ಲರಿಗೂ ನಮಸ್ಕಾರ. ಜೈಮಿನಿ ಪದ್ಧತಿ ಈಗಷ್ಟೇ ಓದಲು ಶುರು ಮಾಡಿದ್ದೇನೆ. ಆರೂಢ ಲಗ್ನ ಅಂದರೆ ಜನ ನಮ್ಮನ್ನು ಹೇಗೆ ಕಾಣುತ್ತಾರೆ ಅನ್ನೋದು, ಅಲ್ವಾ? ಅದರಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ನಾನು ಹುಟ್ಟಿದ್ದು 2001ರ ನವೆಂಬರ್ ಮೊದಲ ವಾರ, ಮಧ್ಯಾಹ್ನ 2 ಗಂಟೆ ಆಸುಪಾಸು. ಕುಂಭ ಲಗ್ನ. ಶನಿ ವೃಷಭದಲ್ಲಿ ಒಬ್ಬನೇ. ರಾಹು, ಗುರು, ಚಂದ್ರ ಮೂವರೂ ಮಿಥುನದಲ್ಲಿ. ರವಿ, ಬುಧ, ಶುಕ್ರ ತುಲೆಯಲ್ಲಿ. ಕುಜ ಮಕರದಲ್ಲಿ. ಕೇತು ಧನುವಿನಲ್ಲಿ.

ಕಂಪ್ಯೂಟರಿನಲ್ಲಿ ಹಾಕಿದರೆ `AL` ಅಂತ ತುಲೆಯಲ್ಲಿ ಬರೆಯುತ್ತದೆ. ಫೋನಿನ ಆಪ್ ವೃಷಭ ಅನ್ನುತ್ತದೆ. ಕೈಯಲ್ಲಿ ಎಣಿಸಿದರೆ ನನಗೆ ಸಿಂಹ ಬರುತ್ತದೆ! ಮೂರಕ್ಕೆ ಮೂರೂ ಬೇರೆ ಬೇರೆ.

ನನಗೆ ಇದು ಸುಮ್ನೆ ಕುತೂಹಲ ಅಲ್ಲ. ಆಫೀಸಿನಲ್ಲಿ ಎಲ್ಲರೂ ನನ್ನನ್ನು ಬಿಗುಮಾನದವನು ಅಂದುಕೊಂಡಿದ್ದಾರೆ. ಮನೆಯಲ್ಲಿ ನೋಡಿದರೆ ನನ್ನಷ್ಟು ಮಾತಾಡೋರು ಯಾರೂ ಇಲ್ಲ. ಈ ವ್ಯತ್ಯಾಸ ಜಾತಕದಲ್ಲಿ ಎಲ್ಲಿದೆ ಅಂತ ತಿಳಿಯಬೇಕು.

ಗಣಕ_ಮಂಜು

ಇದು ಬಹಳ ಸುಲಭ. ಲಗ್ನದಿಂದ ಲಗ್ನಾಧಿಪತಿ ಎಷ್ಟನೇ ಮನೆಯಲ್ಲಿ ಇದ್ದಾನೋ, ಅವನಿಂದ ಮತ್ತೆ ಅಷ್ಟೇ ಮನೆ ಎಣಿಸಿದರೆ ಆರೂಢ. ಕುಂಭದಿಂದ ವೃಷಭ 4. ವೃಷಭದಿಂದ 4 ಎಣಿಸಿದರೆ ಸಿಂಹ. ನೀವು ಕೈಯಲ್ಲಿ ಎಣಿಸಿದ್ದೇ ಸರಿ. ಸಾಫ್ಟ್‌ವೇರುಗಳು ಬೇಡದ ಅಪವಾದಗಳನ್ನು ಸೇರಿಸಿ ಗೊಂದಲ ಮಾಡುತ್ತವೆ. ನಾನು ಬರೆದುಕೊಂಡಿರೋದು ಎರಡೇ ಸಾಲು, ಮೇಷಕ್ಕೆ 0 ಎಂದು ಇಟ್ಟುಕೊಂಡು:

```
d  = (lord - lagna) % 12
al = (lagna + 2*d) % 12
```

ಇದರಲ್ಲಿ ಇನ್ನೊಂದು ವಿಷಯವೂ ಬಗೆಹರಿಯುತ್ತದೆ. ಸಮ ರಾಶಿ ಲಗ್ನವಾದರೆ ಹಿಂದಕ್ಕೆ ಎಣಿಸಬೇಕು ಅಂತ ಕೆಲವರು ಜಗಳಕ್ಕೆ ನಿಲ್ಲುತ್ತಾರೆ. ಮುಂದಕ್ಕೆ ಎಣಿಸಿ, ಹಿಂದಕ್ಕೆ ಎಣಿಸಿ, ಬರೋದು ಒಂದೇ ರಾಶಿ. ಬೇಕಾದರೆ ಮಾಡಿ ನೋಡಿ. ಆ ಜಗಳಕ್ಕೆ ಅರ್ಥವೇ ಇಲ್ಲ.

ಪುತ್ತೂರು_ಭಟ್ಟರು

ನಮ್ಮ ಕಡೆ ಅಷ್ಟಮಂಗಲ ಪ್ರಶ್ನೆಯಲ್ಲಿ ಆರೂಢ ನೋಡುವ ಕ್ರಮ ಹೀಗಲ್ಲ. ರಾಶಿಚಕ್ರ ಬರೆದು ಮಗುವಿನ ಕೈಯಲ್ಲಿ ಸ್ವರ್ಣ ಇಡಿಸುತ್ತೇವೆ. ಅದು ಯಾವ ರಾಶಿಗೆ ಬಿತ್ತೋ ಅದು ಆರೂಢ. ಲಗ್ನಾಧಿಪತಿಯನ್ನು ಎಣಿಸುವ ಪ್ರಶ್ನೆಯೇ ಬರುವುದಿಲ್ಲ. ಜಾತಕದಲ್ಲಿ ಆರೂಢ ಹುಡುಕುವುದು ಯಾಕೆ ಎಂದು ನನಗೆ ತಿಳಿಯಲಿಲ್ಲ. ಮನೆಯಲ್ಲಿ ಏನಾದರೂ ತೊಂದರೆ ಇದ್ದರೆ ಒಮ್ಮೆ ಪ್ರಶ್ನೆ ಇಡಿಸಿ.

ಸುಮಂಗಲಾ_ಶಿರಸಿ

ಭಟ್ಟರೇ, ನೀವು ಹೇಳುವುದು ಪ್ರಶ್ನೆಯ ಆರೂಢ. ಆ ಹೊತ್ತಿಗೆ, ಆ ಪ್ರಶ್ನೆಗೆ ಮಾತ್ರ ಹುಟ್ಟುವಂಥದ್ದು. ಈ ತಮ್ಮ ಕೇಳುತ್ತಿರುವುದು ಜನ್ಮಲಗ್ನದ ಆರೂಢ ಪದ. ಅದು ಜೀವನಪೂರ್ತಿ ಒಂದೇ. ಹೆಸರು ಒಂದಾದರೂ ವಿಷಯ ಬೇರೆ.

ತಮ್ಮಾ, ನಿನ್ನ ಸಿಂಹ ಒಂದನ್ನು ಮೊದಲು ತೆಗೆದುಬಿಡೋಣ. ಆಮೇಲೆ ವೃಷಭ, ತುಲೆ ಎರಡನ್ನು ನೋಡೋಣ.

ಮಂಜು ಅವರ ಎಣಿಕೆ ಸರಿಯಾಗಿದೆ. ಹಿಂದೆ ಮುಂದೆ ಎರಡೂ ಒಂದೇ ಅನ್ನೋದೂ ನಿಜ. ಆದರೆ ಅವರು ಅರ್ಧದಲ್ಲೇ ನಿಲ್ಲಿಸಿದರು. ಜೈಮಿನಿ ‘ಯಾವದೀಶಾಶ್ರಯಂ ಪದಮೃಕ್ಷಾಣಾಮ್’ ಎಂದು ಎಣಿಕೆ ಹೇಳಿದ ಕೂಡಲೇ ಎರಡು ಚಿಕ್ಕ ಸೂತ್ರ ಇಟ್ಟಿದ್ದಾರೆ: ‘ಸ್ವಸ್ಥೇ ದಾರಾಃ’, ‘ಸುತಸ್ಥೇ ಜನ್ಮ’. ಇವನ್ನು ಅಕ್ಷರಕ್ಕೊಂದು ಅಂಕಿ ಹಿಡಿಯುವ ಕಟಪಯಾದಿ ಲೆಕ್ಕದಲ್ಲಿ ಓದಬೇಕು. ದಾರಾ ಅಂದರೆ 28, ಅದನ್ನು 12ರಿಂದ ಭಾಗಿಸಿದರೆ ಉಳಿಯುವುದು 4. ಸ್ವ ಕೂಡ 4. ಅಧಿಪತಿ 4ರಲ್ಲಿದ್ದರೆ ಪದವೂ 4ರಲ್ಲೇ. ಸುತ ಅಂದರೆ 67, ಉಳಿಯುವುದು 7. ಜನ್ಮ ಅಂದರೆ 58, ಉಳಿಯುವುದು 10. ಅಧಿಪತಿ 7ರಲ್ಲಿದ್ದರೆ ಪದ 10ರಲ್ಲಿ.

ಯಾಕೆ ಹೀಗೆ? ಅಧಿಪತಿ 7ರಲ್ಲಿದ್ದರೆ ಎಣಿಕೆ ತಿರುಗಿ ಲಗ್ನಕ್ಕೇ ಬರುತ್ತದೆ. 4ರಲ್ಲಿದ್ದರೆ 7ಕ್ಕೆ ಬರುತ್ತದೆ. ಬೃಹತ್ಪರಾಶರ ಹೋರೆ ಇದನ್ನು ಬಿಡಿಸಿ ಹೇಳುತ್ತದೆ: ‘ಸ್ವಸ್ಥಾನಂ ಸಪ್ತಮಂ ನೈವಂ ಪದಂ ಭವಿತುಮರ್ಹತಿ’. ಲಗ್ನವಾಗಲಿ ಅದರ 7ನೇ ಮನೆಯಾಗಲಿ ಪದ ಆಗಕೂಡದು. ಲಗ್ನಕ್ಕೆ ಬಿದ್ದರೆ 10ನೇ ಮನೆ ಹಿಡಿ, 7ಕ್ಕೆ ಬಿದ್ದರೆ 4ನೇ ಮನೆ ಹಿಡಿ.

ಕನ್ನಡಿಯನ್ನು ನೆನೆಸಿಕೊಂಡರೆ ಎಣಿಕೆಯ ತರ್ಕ ತಿಳಿಯುತ್ತದೆ. ನಾವು ಕನ್ನಡಿಯಿಂದ ಎಷ್ಟು ದೂರ ನಿಂತಿದ್ದೇವೋ, ಬಿಂಬ ಕನ್ನಡಿಯ ಹಿಂದೆ ಅಷ್ಟೇ ದೂರದಲ್ಲಿ ಕಾಣುತ್ತದೆ. ಲಗ್ನ ನಾವು, ಅಧಿಪತಿ ಕನ್ನಡಿ, ಪದ ಬಿಂಬ. ಬಿಂಬ ಬಂದು ನಮ್ಮ ಮೈಮೇಲೇ ಕೂರುವುದಿಲ್ಲ. ಅದಕ್ಕೇ ಲಗ್ನ ಪದವಾಗುವುದಿಲ್ಲ ಎಂದರು ಅಂತ ನಾನು ತಿಳಿದಿದ್ದೇನೆ.

ನಿನ್ನ ಶನಿ ಲಗ್ನದಿಂದ 4ರಲ್ಲಿ. ಎಣಿಕೆ ಸಿಂಹಕ್ಕೆ, ಅಂದರೆ 7ಕ್ಕೆ ಬಿತ್ತು. ಹಾಗಾಗಿ 4ನೇ ಮನೆ ವೃಷಭವೇ ಪದ. ನಿನ್ನ ಫೋನಿನ ಆಪ್ ಮಾಡಿರುವುದು ಇದನ್ನೇ. ತುಲೆ ಎಲ್ಲಿಂದ ಬಂತು ಅನ್ನೋದಕ್ಕೆ ಕಾರಣ ಬೇರೆ, ಅದನ್ನು ಸಂಜೆ ಬರೆಯುತ್ತೇನೆ.

ಲತಾ_ತಿಪಟೂರು

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಸಿಂಹ ಲಗ್ನ. 1984ರ ಕಾರ್ತಿಕ ಮಾಸ, ಮಧ್ಯರಾತ್ರಿ ಕಳೆದು ಹುಟ್ಟಿದ್ದು. ರವಿ ತುಲೆಯಲ್ಲಿ, ಗುರು ಧನುವಿನಲ್ಲಿ. ಒಬ್ಬರು ಜಾತಕ ನೋಡಿ ನಿಮ್ಮ ಆರೂಢ ಮಕರ, ಆರನೇ ಮನೆ, ಶತ್ರುಸ್ಥಾನ, ಜನ ನಿಮ್ಮನ್ನು ಕಂಡರೆ ಆಗದವರೇ ಜಾಸ್ತಿ ಅಂದರು. ಶಾಂತಿ ಮಾಡಿಸಿ ಅಂತ ದೊಡ್ಡ ಪಟ್ಟಿಯನ್ನೇ ಕೊಟ್ಟರು. ಅವತ್ತಿನಿಂದ ಯಾರು ನಕ್ಕರೂ ಒಳಗೊಳಗೇ ಏನಂದುಕೊಳ್ಳುತ್ತಿದ್ದಾರೋ ಅನ್ನಿಸುತ್ತದೆ.

ಸುಮಂಗಲಾ_ಶಿರಸಿ

ಲತಾ, ಆರೂಢ ಲಗ್ನ ಆರನೇ ಮನೆಗೆ ಬೀಳುವುದು ಸಾಧ್ಯವೇ ಇಲ್ಲ. ಯಾರ ಜಾತಕದಲ್ಲೂ ಇಲ್ಲ.

ಮಂಜು ಅವರ ಎರಡನೇ ಸಾಲು ನೋಡಿ. ದೂರವನ್ನು ಎರಡರಿಂದ ಗುಣಿಸುತ್ತೇವೆ. ಹಾಗಾಗಿ ಎಣಿಕೆ ಯಾವಾಗಲೂ 1, 3, 5, 7, 9, 11 ಈ ಮನೆಗಳಿಗೇ ಬೀಳುತ್ತದೆ. ಅದರಲ್ಲಿ 1 ಮತ್ತು 7 ಬಿಟ್ಟು 10 ಮತ್ತು 4 ಹಿಡಿಯುತ್ತೇವೆ. ಕೊನೆಗೆ ಉಳಿಯುವುದು 3, 4, 5, 9, 10, 11. ಆರೂಢ ಲಗ್ನ 2ರಲ್ಲೋ 6ರಲ್ಲೋ 8ರಲ್ಲೋ 12ರಲ್ಲೋ ಇದೆ ಎಂದು ಯಾರಾದರೂ ಹೇಳಿದರೆ ಅವರ ಎಣಿಕೆ ತಪ್ಪಿದೆ ಎಂದು ಪಂಚಾಂಗ ತೆಗೆಯದೆಯೇ ಹೇಳಬಹುದು.

ನಿಮ್ಮದರಲ್ಲಿ ಎಲ್ಲಿ ತಪ್ಪಿತು ಅಂತಲೂ ಕಾಣುತ್ತದೆ. ಸಿಂಹದಿಂದ ತುಲೆ 3. ತುಲೆಯಿಂದ ಮತ್ತೆ 3 ಎಣಿಸಬೇಕು. ತುಲೆ ಒಂದು, ವೃಶ್ಚಿಕ ಎರಡು, ಧನು ಮೂರು. ಅವರು ಎರಡನೇ ಸಲ ತುಲೆಯನ್ನು ಬಿಟ್ಟು ವೃಶ್ಚಿಕದಿಂದ ಎಣಿಸಿರಬೇಕು. ಅದಕ್ಕೇ ಮಕರಕ್ಕೆ ಹೋಯಿತು. ಕೈಯಲ್ಲಿ ಎಣಿಸುವಾಗ ಹೆಚ್ಚಾಗಿ ಆಗುವ ತಪ್ಪು ಇದೇ.

ನಿಮ್ಮ ಆರೂಢ ಧನು. 5ನೇ ಮನೆ. ಅಲ್ಲಿ ಗುರು ಸ್ವಂತ ರಾಶಿಯಲ್ಲಿ ಕೂತಿದ್ದಾನೆ. ಬುದ್ಧಿ ಹೇಳುವವರು, ನಂಬಬಹುದಾದವರು ಎಂದು ಜನ ಕಾಣುವಂಥ ಆರೂಢ ಅದು. ಆ ಶಾಂತಿಯ ಪಟ್ಟಿಯನ್ನು ಬದಿಗಿಡಿ.

ಲತಾ_ತಿಪಟೂರು

ನಿಜ ಹೇಳಬೇಕೆಂದರೆ ಕಣ್ಣಲ್ಲಿ ನೀರು ಬಂತು ಮೇಡಂ. ನನ್ನದು ಹೊಲಿಗೆ ಅಂಗಡಿ. ಬ್ಲೌಸ್ ಅಳತೆ ಕೊಡಲು ಬಂದವರು ಅರ್ಧ ಗಂಟೆ ಕೂತು ಮನೆಯ ಕಷ್ಟಸುಖ ಕೇಳಿಕೊಂಡು ಹೋಗುತ್ತಾರೆ. ಆದರೆ ಅತ್ತೆ ಮನೆ ಕಡೆಯವರಿಗೆ ಮಾತ್ರ ನಾನು ಹೇಳಿದ್ದು ಯಾವತ್ತೂ ಹಿಡಿಸಿಲ್ಲ. ಅದಕ್ಕೆ ಏನು ಕಾರಣ? ಹಾಗೇ ಮಗಳ ಮದುವೆ ವಿಷಯವೂ ಇದರಲ್ಲೇ ಗೊತ್ತಾಗುತ್ತದಾ?

ಸುಮಂಗಲಾ_ಶಿರಸಿ

ಮಗಳ ಮದುವೆಗೆ ಅವಳ ಜಾತಕದ ಉಪಪದ ನೋಡಬೇಕು, ಅದನ್ನು ಬೇರೆಯಾಗಿ ಕೇಳಿ. ಅತ್ತೆ ಮನೆಯ ಮಾತಿಗೆ ಉಳಿದ ಗ್ರಹಗಳು ಎಲ್ಲಿವೆ ಎಂದು ತಿಳಿಯದೆ ಏನೂ ಹೇಳಲಾರೆ. ಒಂದು ಗುರುವನ್ನು ಹಿಡಿದು ಎಲ್ಲವನ್ನೂ ಹೇಳಲು ಹೋಗಬಾರದು.

ಗಣಕ_ಮಂಜು

ಅಕ್ಕ, ಅಪವಾದದ ಬಗ್ಗೆ ನನಗೆ ಒಪ್ಪಿಗೆ ಇಲ್ಲ. ಸೂತ್ರದಲ್ಲಿ ಇರೋದು ಅಧಿಪತಿ 4ರಲ್ಲಿದ್ದರೆ, 7ರಲ್ಲಿದ್ದರೆ ಅಂತ ಎರಡೇ. ಅಷ್ಟನ್ನು ಬೇಕಾದರೆ ಒಪ್ಪುತ್ತೇನೆ, ಹಾಸನದವರಿಗೆ ವೃಷಭ ಅಂತಲೇ ಇಟ್ಟುಕೊಳ್ಳೋಣ. ಆದರೆ ಅಧಿಪತಿ ಲಗ್ನದಲ್ಲೇ ಇದ್ದರೆ? ಅದರ ಬಗ್ಗೆ ಜೈಮಿನಿ ಏನೂ ಹೇಳಿಲ್ಲ. ಪರಾಶರ ಹೋರೆಯಿಂದ ತಂದು ಇಲ್ಲಿಗೆ ಅಂಟಿಸೋದು ಯಾಕೆ?

ಗಾಂಧೀಜಿ ಜಾತಕವನ್ನೇ ತೆಗೆದುಕೊಳ್ಳಿ. ತುಲಾ ಲಗ್ನ, ಲಗ್ನದಲ್ಲೇ ಶುಕ್ರ. ಅಧಿಪತಿ ಮನೆಯಲ್ಲೇ ಕೂತಿದ್ದಾನೆ, ಆರೂಢವೂ ತುಲೆಯೇ ಆಗಬೇಕು. ಒಳಗೊಂದು ಹೊರಗೊಂದು ಇಲ್ಲದ ಮನುಷ್ಯ. ಅವರು ಇದ್ದ ಹಾಗೇ ಜನ ಕಂಡರು. ಲಗ್ನ ಮತ್ತು ಆರೂಢ ಒಂದೇ ಆಗೋದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾ?

ಸುಮಂಗಲಾ_ಶಿರಸಿ

ಒಳ್ಳೆಯ ಜಾತಕವನ್ನೇ ತಂದಿರಿ ಮಂಜು. ಇದನ್ನು ನಿಧಾನವಾಗಿ ನೋಡೋಣ, ಯಾಕೆಂದರೆ ಆರೂಢವನ್ನು ಓದುವ ಕ್ರಮ ಪೂರ್ತಿ ಇದರಲ್ಲೇ ಸಿಗುತ್ತದೆ.

1869 ಅಕ್ಟೋಬರ್ 2, ಪೋರಬಂದರ್, ಬೆಳಿಗ್ಗೆ. ಹೆಚ್ಚಿನವರು ಹಿಡಿಯುವುದು ತುಲಾ ಲಗ್ನ. ತುಲೆಯಲ್ಲಿ ಶುಕ್ರ, ಕುಜ, ಬುಧ. ವೃಶ್ಚಿಕದಲ್ಲಿ ಶನಿ. ಮೇಷದಲ್ಲಿ ಗುರು. ಕರ್ಕಾಟಕದಲ್ಲಿ ಚಂದ್ರ, ರಾಹು. ಕನ್ಯೆಯಲ್ಲಿ ರವಿ. ಮಕರದಲ್ಲಿ ಕೇತು.

ಶುಕ್ರ ಲಗ್ನದಲ್ಲೇ ಇರುವುದರಿಂದ ಎಣಿಕೆ ತುಲೆಗೇ ಬೀಳುತ್ತದೆ. ಲಗ್ನ ಪದವಾಗಕೂಡದು ಅಂದರೆ 10ನೇ ಮನೆ ಕರ್ಕಾಟಕ. ಈಗ ನಮ್ಮ ಮುಂದೆ ಎರಡು ಚಿತ್ರ ಇವೆ.

ಮಂಜು ಹೇಳುವಂತೆ ತುಲೆ ಎಂದು ಹಿಡಿಯೋಣ. ಪದದ ಮೇಲೆ ಶುಕ್ರ, ಕುಜ, ಬುಧ. ಶುಕ್ರ ಸ್ವಂತ ಮನೆಯಲ್ಲಿ. ಜನರ ಕಣ್ಣಿಗೆ ಕಾಣಬೇಕಾದದ್ದು ಅಂದವಾಗಿ ಉಡುವ, ಚೆನ್ನಾಗಿ ಮಾತಾಡುವ, ವಾದಕ್ಕೆ ಇಳಿಯುವ ಮನುಷ್ಯ. ಇದು ಗಾಂಧೀಜಿಯಲ್ಲಿ ಇರಲಿಲ್ಲ ಅಂತ ಅಲ್ಲ. 1888ರಲ್ಲಿ ಲಂಡನ್ನಿಗೆ ಹೋದವರು ರೇಷ್ಮೆ ಹ್ಯಾಟು ಇಟ್ಟರು, ನೃತ್ಯದ ಪಾಠಕ್ಕೆ ಸೇರಿದರು, ಪಿಟೀಲು ಕೊಂಡರು. ಆತ್ಮಕಥೆಯಲ್ಲಿ ತಾವೇ ಬರೆದುಕೊಂಡಿದ್ದಾರೆ. 1891ರಲ್ಲಿ ಬ್ಯಾರಿಸ್ಟರ್ ಆದರು. ಅದೆಲ್ಲ ಲಗ್ನದಲ್ಲಿರುವ ಶುಕ್ರ, ಬುಧರ ಮನುಷ್ಯ. ಆದರೆ ಲೋಕದ ಕಣ್ಣಿಗೆ ಉಳಿದದ್ದು ಆ ಚಿತ್ರವಾ?

ಈಗ ಕರ್ಕಾಟಕ ಹಿಡಿಯೋಣ. ಪದದ ಮೇಲೆ ಚಂದ್ರ, ಅದೂ ಸ್ವಂತ ಮನೆಯಲ್ಲಿ. ಜನಸಾಮಾನ್ಯ, ತಾಯ್ತನ, ಪೋಷಣೆ ಎಲ್ಲ ಚಂದ್ರನದು. ಜನ ಬಾಪು ಅಂದರು. ಜೊತೆಗೆ ರಾಹು. ಎಲ್ಲರಂತಲ್ಲದ, ಪರದೇಶದವರಿಗೆ ಅರ್ಥವೇ ಆಗದ ರೂಪ. ಇನ್ನು ದೃಷ್ಟಿ. ಇಲ್ಲಿ ಬಹಳ ಜನ ಎಡವುತ್ತಾರೆ. ನಾವು ದಿನಾ ಬಳಸುವ ಗ್ರಹದೃಷ್ಟಿ ಹಿಡಿದರೆ ವೃಶ್ಚಿಕದ ಶನಿ 3, 7, 10ನೇ ಮನೆಗಳಾದ ಮಕರ, ವೃಷಭ, ಸಿಂಹ ನೋಡುತ್ತಾನೆ. ಕರ್ಕಾಟಕ ಅವನಿಗೆ ಕಾಣುವುದೇ ಇಲ್ಲ. ಆದರೆ ಜೈಮಿನಿಯಲ್ಲಿ ನೋಡುವುದು ರಾಶಿ. ಚರ ರಾಶಿ ತನ್ನ ಪಕ್ಕದ್ದನ್ನು ಬಿಟ್ಟು ಉಳಿದ ಮೂರು ಸ್ಥಿರ ರಾಶಿಗಳನ್ನು ನೋಡುತ್ತದೆ. ಕರ್ಕಾಟಕ ಪಕ್ಕದ ಸಿಂಹ ಬಿಟ್ಟು ವೃಶ್ಚಿಕ, ಕುಂಭ, ವೃಷಭ ನೋಡುತ್ತದೆ. ಅವೂ ತಿರುಗಿ ಇದನ್ನು ನೋಡುತ್ತವೆ. ಹಾಗಾಗಿ ಶನಿಯ ದೃಷ್ಟಿ ಪದದ ಮೇಲೆ ನೇರವಾಗಿ ಇದೆ. ಬಡತನ, ಕಡಿಮೆ ಬಟ್ಟೆ, ದುಡಿಮೆ, ತಪಸ್ಸು. 1921ರ ಸೆಪ್ಟೆಂಬರಿನಲ್ಲಿ ಮದುರೆಯಲ್ಲಿ ಅವರು ತುಂಡು ಪಂಚೆಗೆ ಇಳಿದರು. 1931ರಲ್ಲಿ ಚರ್ಚಿಲ್ ಅರೆಬೆತ್ತಲೆ ಫಕೀರ ಎಂದು ಹೀಗಳೆದರು. ಹೊಗಳಿದವರೂ ಬೈದವರೂ ಕಂಡದ್ದು ಅದೇ ರೂಪವನ್ನು.

ಇನ್ನೊಂದು ಮಾತು. ಚರ ರಾಶಿಗಳು ಒಂದನ್ನೊಂದು ನೋಡುವುದಿಲ್ಲ. ಹಾಗಾಗಿ ತುಲೆಯಲ್ಲಿರುವ ಶುಕ್ರ, ಕುಜ, ಬುಧ ಮೂವರಿಗೂ ಕರ್ಕಾಟಕದ ಮೇಲೆ ಯಾವ ಹಿಡಿತವೂ ಇಲ್ಲ. ಲಂಡನ್ನಿನ ಆ ಶೋಕಿ ಯುವಕ ಜನರ ನೆನಪಿನ ಗಾಂಧಿಯೊಳಗೆ ಎಲ್ಲೂ ಸೇರಿಕೊಳ್ಳದೇ ಇರುವುದಕ್ಕೆ ನಾನು ಕಾಣುವ ಕಾರಣ ಇದು.

ಸೂತ್ರದಲ್ಲಿ ಎರಡೇ ಇವೆ ಅನ್ನುವ ನಿಮ್ಮ ಮಾತು ನಿಜ. ನಾನು ಆ ಎರಡನ್ನು ಮಾದರಿ ಎಂದು ಓದುತ್ತೇನೆ. 7ರಲ್ಲಿದ್ದಾಗ ಪದ ಲಗ್ನಕ್ಕೆ ಬೀಳುವುದು ತಪ್ಪಾದರೆ, ಲಗ್ನದಲ್ಲೇ ಇದ್ದಾಗ ಬೀಳುವುದೂ ತಪ್ಪೇ ಆಗಬೇಕು. ನಿಯಮ ಒಂದೇ.

ಶಂಕರ_ಧಾರವಾಡ

ನಾನು ಈ ಶಾಸ್ತ್ರದ ವಿರೋಧಿ ಅಲ್ಲ, ಮನೆಯಲ್ಲಿ ಅಪ್ಪ ಪಂಚಾಂಗ ನೋಡುತ್ತಿದ್ದರು. ಆದರೆ ಸುಮಂಗಲಾ ಅವರೇ, ಒಂದು ಪ್ರಶ್ನೆ ಕೇಳಲೇಬೇಕು. ಗಾಂಧೀಜಿ ಹೇಗೆ ಕಂಡರು ಅಂತ ನಮಗೆ ಮೊದಲೇ ಗೊತ್ತು. ಗೊತ್ತಿದ್ದುಕೊಂಡು ಚಂದ್ರನನ್ನು ಬಾಪು ಅಂದಿರಿ, ಶನಿಯನ್ನು ತುಂಡು ಪಂಚೆ ಅಂದಿರಿ. ತುಲೆಯನ್ನೇ ಹಿಡಿದವರೂ ಕೈ ಚೆಲ್ಲುವುದಿಲ್ಲ. ತುಲೆ ಅಂದರೆ ತಕ್ಕಡಿ, ನ್ಯಾಯ, ಸಮತೆ ಅನ್ನುತ್ತಾರೆ. ಶುಕ್ರನನ್ನು ಹತ್ತಿ ಬಟ್ಟೆ ಅಂತಲೂ ಮಾಡಬಹುದು. ಹಾಗಾದರೆ ಯಾವ ಜಾತಕಕ್ಕೆ ಯಾವುದು ಹೊಂದುವುದಿಲ್ಲ?

ಲಗ್ನದ ಮಾತೂ ಇದೆ. ಹೆಚ್ಚಿನವರು ಹಿಡಿಯುವುದು ತುಲಾ ಲಗ್ನ ಅಂತ ನೀವೇ ಬರೆದಿರಿ. ಉಳಿದವರು ಏನು ಹಿಡಿಯುತ್ತಾರೆ?

ಸುಮಂಗಲಾ_ಶಿರಸಿ

ಶಂಕರ ಅವರೇ, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಗೊತ್ತಿರುವ ಬದುಕಿಗೆ ಗ್ರಹ ಹೊಂದಿಸುವುದು ಸುಲಭ. ಗಾಂಧೀಜಿ ಜಾತಕ ಕ್ರಮ ಕಲಿಯಲು ಚೆನ್ನಾಗಿದೆ. ಅದರಿಂದ ಶಾಸ್ತ್ರ ಸಾಬೀತಾಯಿತು ಎಂದು ನಾನು ಹೇಳುವುದಿಲ್ಲ.

ಲಗ್ನ ಕನ್ಯೆ ಎಂದು ಹಿಡಿದರೆ ಏನಾಗುತ್ತದೆ ನೋಡಿ. ಅಧಿಪತಿ ಬುಧ ತುಲೆಯಲ್ಲಿ, ಅಂದರೆ 2ನೇ ಮನೆ. ಅಲ್ಲಿಂದ 2 ಎಣಿಸಿದರೆ ವೃಶ್ಚಿಕ. ಪದದ ಮೇಲೆ ಶನಿ ಒಬ್ಬನೇ ಕೂರುತ್ತಾನೆ, ಕರ್ಕಾಟಕದ ಚಂದ್ರ ರಾಹು ಅದನ್ನು ನೋಡುತ್ತಾರೆ. ಗ್ರಹಗಳು ಅವೇ, ಆದರೆ ಮುಂದೆ ನಿಂತವನು ಚಂದ್ರನ ಬದಲು ಶನಿ. ಹುಟ್ಟಿದ ಹೊತ್ತು ಲಗ್ನ ಬದಲಾಗುವ ಗಡಿಯಲ್ಲಿ ಇದ್ದರೆ ಆರೂಢದ ಮಾತೇ ಎತ್ತಬಾರದು ಅನ್ನೋದು ಇದಕ್ಕೇ. ಲಗ್ನ ಒಂದು ರಾಶಿ ಸರಿದರೆ ಅಧಿಪತಿಯೇ ಬೇರೆ, ಪದವೂ ಬೇರೆ ಎಲ್ಲೋ ಹೋಗುತ್ತದೆ.

ಯಾವುದು ಹೊಂದುವುದಿಲ್ಲ ಎಂದು ಕೇಳಿದಿರಿ. ನಾನು ಮಾಡುವುದು ಇಷ್ಟು. ಜಾತಕದವರ ಕಥೆ ಕೇಳುವ ಮೊದಲೇ ಪದ ಬರೆದಿಡುತ್ತೇನೆ. ಅಲ್ಲಿ ಯಾವ ಗ್ರಹ, ನೋಡುವವರು ಯಾರು, ಅದರಿಂದ ಎರಡು ಮಾತು ಮಾತ್ರ. ಆಮೇಲೆ ಅವರನ್ನು ಬಲ್ಲವರನ್ನು ಕೇಳುತ್ತೇನೆ. ಅವರನ್ನೇ ಕೇಳಿದರೆ ಉಪಯೋಗ ಇಲ್ಲ, ಯಾಕೆಂದರೆ ತಾನು ಹೊರಗೆ ಹೇಗೆ ಕಾಣುತ್ತೇನೆ ಅನ್ನೋದು ಅವರಿಗೇ ಗೊತ್ತಿರುವುದಿಲ್ಲ. ತಪ್ಪಿದ್ದೂ ಇದೆ.

ಶಂಕರ_ಧಾರವಾಡ

ಬರೆದಿಟ್ಟು ಕೇಳುವುದು ಸರಿಯಾದ ದಾರಿ. ಇಷ್ಟು ಒಪ್ಪುತ್ತೇನೆ. ಉಳಿದದ್ದು ನನಗೆ ಇನ್ನೂ ಅನುಮಾನವೇ.

ಹಾಸನದ_ಹುಡುಗ

ಮೇಡಂ, ಗಾಂಧೀಜಿ ವಿವರಣೆ ಎರಡು ಸಲ ಓದಿದೆ. ರಾಶಿದೃಷ್ಟಿ ಈಗ ತಲೆಗೆ ಹತ್ತಿತು. ನನ್ನ ತುಲೆಯ ಕಥೆ ಹೇಳುತ್ತೇನೆ ಅಂದಿದ್ದಿರಿ.

ಸುಮಂಗಲಾ_ಶಿರಸಿ

ಹೇಳುತ್ತೇನೆ ತಮ್ಮಾ. ಇದೇ ನಿಜವಾದ ತೊಡಕು.

ಜೈಮಿನಿ ಪದ್ಧತಿಯಲ್ಲಿ ಕುಂಭಕ್ಕೆ ಶನಿಯ ಜೊತೆ ರಾಹುವೂ ಅಧಿಪತಿ. ವೃಶ್ಚಿಕಕ್ಕೆ ಕುಜನ ಜೊತೆ ಕೇತು. ಉಳಿದ ಹತ್ತು ಲಗ್ನದವರಿಗೆ ಈ ತಲೆನೋವಿಲ್ಲ. ಇಬ್ಬರಲ್ಲಿ ಬಲವಂತ ಯಾರೋ ಅವನಿಂದ ಎಣಿಸಬೇಕು. ಒಬ್ಬ ಆ ರಾಶಿಯಲ್ಲೇ ಇದ್ದು ಇನ್ನೊಬ್ಬ ಹೊರಗಿದ್ದರೆ ಹೊರಗಿನವನನ್ನು ಹಿಡಿಯುತ್ತಾರೆ. ಇಬ್ಬರೂ ಹೊರಗಿದ್ದರೆ ಯಾರ ಜೊತೆ ಗ್ರಹ ಜಾಸ್ತಿಯೋ ಅವನು. ಅದೂ ಸಮ ಆದರೆ ರಾಶಿಯ ಬಲ, ಉಚ್ಚ ಹೀಗೆ ಮುಂದಕ್ಕೆ ಹೋಗುತ್ತದೆ.

ನಿನ್ನ ಶನಿ ಒಬ್ಬನೇ. ರಾಹು ಜೊತೆ ಗುರು, ಚಂದ್ರ ಇದ್ದಾರೆ. ಈ ನಿಯಮದಲ್ಲಿ ರಾಹುವೇ ಬಲವಂತ. ಕುಂಭದಿಂದ ಮಿಥುನ 5. ಮಿಥುನದಿಂದ 5 ತುಲೆ. ಲಗ್ನದಿಂದ 9ನೇ ಮನೆ. ಅಪವಾದ ಬೇಕಾಗಿಲ್ಲ. ನಿನ್ನ ಕಂಪ್ಯೂಟರ್ ಇದನ್ನು ಹಿಡಿದಿದೆ. ಆಪ್ ಶನಿ ಒಬ್ಬನನ್ನೇ ಅಧಿಪತಿ ಎಂದು ಒಪ್ಪಿದೆ. ಎರಡೂ ಲೆಕ್ಕ ತಪ್ಪಿಲ್ಲ, ಹಿಡಿದ ಪಕ್ಷ ಬೇರೆ.

ಗಣಕ_ಮಂಜು

ರಾಹು ಕೇತುಗಳಿಗೆ ಅಧಿಪತ್ಯ ಕೊಡೋದೇ ನನಗೆ ಸರಿ ಕಾಣೋದಿಲ್ಲ. ಇವರೇ ಬಿಗುಮಾನದವನು ಅನ್ನಿಸಿಕೊಂಡಿದ್ದೇನೆ ಅಂತ ಬರೆದಿದ್ದಾರೆ. ವೃಷಭದಲ್ಲಿ ಶನಿ ಒಬ್ಬನೇ ಕೂತರೆ ಅದೇ ತಾನೇ ಆಗೋದು? ತುಲೆಯಲ್ಲಿ ಶುಕ್ರ, ಬುಧ ಇದ್ದರೆ ಜನ ಇವರನ್ನು ನಗುಮುಖದ ಮಾತುಗಾರ ಅನ್ನಬೇಕಿತ್ತು. ಉತ್ತರ ಜಾತಕವೇ ಹೇಳುತ್ತಿದೆ.

ಸುಮಂಗಲಾ_ಶಿರಸಿ

ಅವಸರ ಬೇಡ ಮಂಜು. ತುಲೆ ಚರ ರಾಶಿ. ಪಕ್ಕದ ವೃಶ್ಚಿಕ ಬಿಟ್ಟು ಕುಂಭ, ವೃಷಭ, ಸಿಂಹ ನೋಡುತ್ತದೆ. ವೃಷಭದಲ್ಲಿ ಶನಿ ಇದ್ದಾನೆ. ಹಾಗಾಗಿ ತುಲೆಯೇ ಪದವಾದರೂ ಶನಿಯ ದೃಷ್ಟಿ ತಪ್ಪಿಲ್ಲ. ತಿರುಗಿಸಿ ನೋಡಿ. ವೃಷಭ ಪದವಾದರೆ ಅದು ಪಕ್ಕದ ಮೇಷ ಬಿಟ್ಟು ಕರ್ಕಾಟಕ, ತುಲೆ, ಮಕರ ನೋಡುತ್ತದೆ. ತುಲೆಯ ರವಿ, ಬುಧ, ಶುಕ್ರ ಮೂವರೂ ಅದರ ಮೇಲೆ ಇದ್ದಾರೆ. ಮಕರದ ಉಚ್ಚ ಕುಜನೂ ಸೇರುತ್ತಾನೆ.

ಅಂದರೆ ಎರಡು ಲೆಕ್ಕದಲ್ಲೂ ಶನಿಯೂ ಇದ್ದಾನೆ, ಶುಕ್ರ ಬುಧರೂ ಇದ್ದಾರೆ. ಬದಲಾಗುವುದು ಮುಂದೆ ನಿಂತವರು ಯಾರು ಅನ್ನೋದು. ವೃಷಭವಾದರೆ ಮೊದಲು ಕಾಣುವುದು ಶನಿಯ ಗಾಂಭೀರ್ಯ, ಹತ್ತಿರ ಬಂದವರಿಗೆ ಶುಕ್ರನ ಸ್ನೇಹ. ಕುಜನ ಖಡಕ್ಕುತನವೂ ಸ್ವಲ್ಪ. ತುಲೆಯಾದರೆ ಮೊದಲು ಕಾಣುವುದು ನಯವಾದ ಮಾತು, ಅಚ್ಚುಕಟ್ಟು, ಆಮೇಲೆ ಶನಿಯ ಅಂತರ. ತುಲೆಯಲ್ಲಿ ರವಿ ನೀಚ ಅನ್ನುವುದನ್ನೂ ಮರೆಯಬೇಡಿ. ತನ್ನ ಕೆಲಸಕ್ಕೆ ಸಿಗಬೇಕಾದ ಮನ್ನಣೆ ಸಿಗುತ್ತಿಲ್ಲ ಅನ್ನಿಸುವುದು ಅಲ್ಲಿಂದ ಬರಬಹುದು. ಆಫೀಸಿನ ಒಂದು ಮಾತು ಹಿಡಿದು ತೀರ್ಪು ಕೊಡಲು ಆಗುವುದಿಲ್ಲ.

ಇಂಥ ಕಡೆ ನಾನು ಗುರುವಿನ ಸಂಚಾರ ನೋಡುತ್ತೇನೆ. ಗುರು ಪದದ ರಾಶಿಗೆ ಬಂದಾಗ ಹೆಸರು ನಾಲ್ಕು ಜನರ ಬಾಯಿಗೆ ಬರುತ್ತದೆ ಅನ್ನೋದು ನಾನು ನಂಬಿರುವ ಲೆಕ್ಕ. ಗುರು ತುಲೆಯಲ್ಲಿ ಇದ್ದದ್ದು 2017 ಸೆಪ್ಟೆಂಬರಿನಿಂದ 2018 ಅಕ್ಟೋಬರ್ ವರೆಗೆ. ವೃಷಭದಲ್ಲಿ ಇದ್ದದ್ದು 2024 ಮೇಯಿಂದ 2025 ಮೇ ವರೆಗೆ. ಈ ಎರಡು ಕಾಲದಲ್ಲಿ ಯಾವಾಗ ನಿನ್ನ ಹೆಸರು ಜನರ ನಡುವೆ ಎದ್ದಿತು? ಯೋಚಿಸಿ ಹೇಳು. ಎರಡರಲ್ಲೂ ಏನೂ ಆಗಿಲ್ಲವಾದರೆ ಅದನ್ನೂ ಹೇಳು.

ಪುತ್ತೂರು_ಭಟ್ಟರು

ಓದುತ್ತಾ ಹೋದಂತೆ ವಿಷಯ ಬೇರೆ ಎಂದು ತಿಳಿಯಿತು. ಆದರೂ ಒಂದು ಸಂದೇಹ. ಇಬ್ಬರು ಅಧಿಪತಿಗಳಲ್ಲಿ ಬಲ ನೋಡುವಾಗ ಜೊತೆಗಿರುವ ಗ್ರಹ ಶುಭವೋ ಪಾಪವೋ ಎಂದು ನೋಡುವುದಿಲ್ಲವೇ? ಸಂಖ್ಯೆ ಮಾತ್ರ ಸಾಕೇ?

ಸುಮಂಗಲಾ_ಶಿರಸಿ

ಭಟ್ಟರೇ, ಮೊದಲ ಹಂತದಲ್ಲಿ ಸಂಖ್ಯೆ ಮಾತ್ರ ಎಂದೇ ನಾನು ಕಲಿತಿದ್ದು. ಗುರು, ಬುಧರ ಸಂಬಂಧಕ್ಕೆ ಬೇರೆ ತೂಕ ಕೊಡುವವರೂ ಇದ್ದಾರೆ. ಇಲ್ಲಿ ಗುರು ರಾಹುವಿನ ಜೊತೆ ಇರುವುದರಿಂದ ಆ ದಾರಿಯಲ್ಲಿ ಹೋದರೂ ರಾಹುವೇ ಬರುತ್ತಾನೆ. ಇನ್ನೊಂದು ಜಾತಕದಲ್ಲಿ ಎರಡೂ ಬೇರೆ ಬೇರೆ ಹೇಳಬಹುದು.

ಹಾಸನದ_ಹುಡುಗ

ಮೇಡಂ, ಅಮ್ಮನ ಹತ್ತಿರವೂ ಕೇಳಿ ಬರೆಯುತ್ತಿದ್ದೇನೆ.

2017-18ರಲ್ಲಿ ನಾನು ಪಿಯುಸಿ. ಆ ವರ್ಷ ಕಾಲೇಜಿನ ರಾಜ್ಯೋತ್ಸವಕ್ಕೆ ನಿರೂಪಣೆ ಮಾಡಿದೆ. ಆಮೇಲೆ ಕಾಲೇಜಿನ ಎಲ್ಲಾ ಕಾರ್ಯಕ್ರಮಕ್ಕೂ ನನ್ನನ್ನೇ ಕರೆಯುತ್ತಿದ್ದರು. ಊರಿನ ಗಣಪತಿ ಪೆಂಡಾಲಿನಲ್ಲೂ ಮೈಕ್ ನನ್ನ ಕೈಗೇ ಬಂತು. ‘ಚೆನ್ನಾಗಿ ಮಾತಾಡೋ ಹುಡುಗ’ ಅಂತಲೇ ಹೆಸರಿತ್ತು. ಅಮ್ಮ ಈಗಲೂ ಅದನ್ನೇ ಹೇಳುತ್ತಾರೆ.

2024-25ರಲ್ಲಿ ಈಗಿನ ಕೆಲಸಕ್ಕೆ ಸೇರಿದೆ. ಆರು ತಿಂಗಳಲ್ಲಿ ಒಂದು ದೊಡ್ಡ ಜವಾಬ್ದಾರಿ ಕೊಟ್ಟರು. ಹೆಸರು ಬಂತು, ಆದರೆ ‘ಕೆಲಸ ಮಾಡ್ತಾನೆ, ಯಾರ ಜೊತೆಗೂ ಬೆರೆಯೋದಿಲ್ಲ’ ಅನ್ನುವ ಹೆಸರು. ಬಿಗುಮಾನದ ಮಾತು ಶುರುವಾಗಿದ್ದೂ ಆಗಲೇ.

ಎರಡೂ ಕಾಲದಲ್ಲಿ ಹೆಸರು ಬಂದಿದೆ. ಎರಡು ಬೇರೆ ಬೇರೆ ಹೆಸರು. ಈಗ ಏನು ಮಾಡೋದು?

ಗಣಕ_ಮಂಜು

ಮೊದಲನೆಯದು ತುಲೆ, ಎರಡನೆಯದು ವೃಷಭ ಅಂತ ಬರೆದಿಟ್ಟ ಹಾಗಿದೆ! ಆದರೆ ಇದರಿಂದ ನನ್ನ ವಾದವೂ ಗೆಲ್ಲೋದಿಲ್ಲ, ಅಕ್ಕನದೂ ಗೆಲ್ಲೋದಿಲ್ಲ. ನನ್ನ ಪ್ರೋಗ್ರಾಮಿಗೆ ಅಪವಾದ ಸೇರಿಸಿದ್ದೇನೆ. ಅಧಿಪತಿ 1, 4, 7, 10ರಲ್ಲಿ ಇದ್ದರೆ ಮಾತ್ರ ಅದು ಬೇಕಾಗುತ್ತದೆ, ಆ ನಾಲ್ಕಕ್ಕೂ ಒಂದೇ ಸಾಲು ಸಾಕಾಯಿತು:

```
if d % 3 == 0:
    al = (al + 9) % 12
```

ಬೇಡವಾದವರಿಗೆ ಆರಿಸಿಕೊಳ್ಳಲು ಒಂದು ಆಯ್ಕೆ ಇಟ್ಟಿದ್ದೇನೆ. ಕುಂಭ, ವೃಶ್ಚಿಕಕ್ಕೆ ಎರಡೂ ಪದ ತೋರಿಸುತ್ತದೆ. ಅಧಿಪತಿ ಲಗ್ನದಲ್ಲೇ ಇದ್ದಾಗ 10 ಹಿಡಿಯೋದರ ಬಗ್ಗೆ ನನ್ನ ತಕರಾರು ಹಾಗೇ ಇದೆ.

ಸುಮಂಗಲಾ_ಶಿರಸಿ

ತಕರಾರು ಇರಲಿ ಮಂಜು. ಇಬ್ಬರೂ ಇನ್ನಷ್ಟು ಜಾತಕ ನೋಡೋಣ.

ತಮ್ಮಾ, ನನ್ನ ಒಲವು ಈಗಲೂ ತುಲೆಯ ಕಡೆಗೇ. ಆದರೆ 2024ರ ವಿಷಯ ನಾನು ಸುಲಭವಾಗಿ ದಾಟಿಸಲಾರೆ. ಎರಡು ಕೆಲಸ ಮಾಡು. ಆಸ್ಪತ್ರೆಯ ಚೀಟಿ ಇದ್ದರೆ ಹುಟ್ಟಿದ ಹೊತ್ತನ್ನು ನಿಮಿಷದವರೆಗೂ ನೋಡಿ ಬರೆ. ಲಗ್ನ ಕುಂಭದ ಮಧ್ಯದಲ್ಲಿ ಇದೆಯೋ ಅಂಚಿನಲ್ಲೋ ತಿಳಿಯಬೇಕು. ಆಮೇಲೆ ನಿನ್ನನ್ನು ಒಂದೇ ಸಲ ಭೇಟಿಯಾದ ನಾಲ್ಕು ಜನರನ್ನು ಬೇರೆಯವರ ಮೂಲಕ ಕೇಳಿಸು, ಮೊದಲ ನೋಟಕ್ಕೆ ಏನನ್ನಿಸಿತು ಅಂತ. ಗೆಳೆಯರನ್ನು ಕೇಳಬೇಡ, ಅವರು ನಿನ್ನನ್ನು ಬಲ್ಲವರು. ಉತ್ತರವನ್ನು ಅವರು ಹೇಳಿದ ಹಾಗೇ ಇಲ್ಲಿ ಹಾಕು, ನಾವು ಗ್ರಹ ಹೊಂದಿಸುವ ಮೊದಲು ಶಂಕರ ಅವರು ಓದಲಿ.

ಶಂಕರ_ಧಾರವಾಡ

ಓದುತ್ತೇನೆ. ನಾಲ್ಕು ಸಾಲದು, ಎಂಟು ಜನರನ್ನು ಕೇಳಿ.

ಲತಾ_ತಿಪಟೂರು

ನನ್ನ ಉಳಿದ ಗ್ರಹಗಳನ್ನೂ ಬರೆದುಕೊಂಡಿದ್ದೇನೆ ಮೇಡಂ, ಬೇರೆ ಕಡೆ ಹಾಕುತ್ತೇನೆ. ಈ ಸಲ ಧನು ಬರುವ ತನಕ ನಾನೇ ಎರಡು ಸಲ ಎಣಿಸಿದೆ, ತುಲೆಯನ್ನೂ ಸೇರಿಸಿ.